ನೀಲಿ ಗೆರೆಯ ಪಕ್ಕದ ಜಾಗ್ರತೆ

ಕುಂದಾಪುರದವರ ಜೊತೆ ಇಪ್ಪತ್ತೆರಡು ವರ್ಷ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ. ಗದಗಿನ ಬಸವರಾಜ ನಾನು, ಮನೆಯಲ್ಲಿ ಹೆಂಡತಿಗೇ "ಎಂತ ಮಾರಾಯ್ತಿ" ಎಂದು ಹೇಳಿ ಬೈಸಿಕೊಂಡವನು. ಈ ರೋಗ ಹಚ್ಚಿದ ಮನುಷ್ಯ ರಘುರಾಮ ಶೇರಿಗಾರ್.

ಹದಿನೆಂಟನೇ ವಯಸ್ಸಿಗೆ ಗುಜರಾತಿನ ವಡೋದರಾದ ಫತೇಗಂಜಿನಲ್ಲಿದ್ದ ಮಾವನ ಹೋಟೆಲಿಗೆ ಚಟ್ನಿ ರುಬ್ಬಲು ಬಂದವರು. ಊಟಕ್ಕೆ ಬರುತ್ತಿದ್ದ ಇಂಜಿನಿಯರಿಂಗ್ ಹುಡುಗರ ಡ್ರಾಯಿಂಗ್ ಹಾಳೆಗಳನ್ನು ನೋಡಿ ನೋಡಿ ಆಸೆ ಹುಟ್ಟಿ, ಸಂಜೆ ತರಗತಿಗೆ ಸೇರಿ ಡ್ರಾಫ್ಟ್ಸ್‌ಮನ್ ಆದರು. ನೀರು ಸರಬರಾಜಿನ ನಕ್ಷೆ ಮಾಡುವ ನಮ್ಮ ಸಣ್ಣ ಕಚೇರಿಯಲ್ಲಿ ಅವರಿಗೆ ಎಲ್ಲರೂ ರಘುಕಾಕಾ ಎನ್ನುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ಅವರು ಮೊದಲು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಎಳೆಯುತ್ತಿದ್ದರು. ನಾನು ಲೆಕ್ಕ ಮಾಡಿ ಕೊಡುವ ಇಂಜಿನಿಯರ್, ಅವರು ಗೆರೆ ಎಳೆಯುವವರು. ತಪ್ಪು ಹಿಡಿಯುತ್ತಿದ್ದವರು ಮಾತ್ರ ಯಾವಾಗಲೂ ಅವರೇ.

ಅವರದೊಂದು ನೇಮ: ಕೆಂಪು ಮೊದಲು, ನೀಲಿ ಆಮೇಲೆ. ಕೆಂಪು ಎಂದರೆ ನೀರಿನ ಒಟ್ಟು ಶಕ್ತಿಯ ಗೆರೆ. ತೊಟ್ಟಿಯ ನೀರಿನ ಮಟ್ಟದಿಂದ ಹೊರಟು, ಘರ್ಷಣೆಗೆ ಸೋಲುತ್ತ ಇಳಿಯುತ್ತ ಹೋಗುತ್ತದೆ. ಪಂಪು ಇದ್ದಲ್ಲಿ ಮಾತ್ರ ನೆಟ್ಟಗೆ ಮೇಲೆ ಹಾರುತ್ತದೆ, ಇನ್ನೆಲ್ಲೂ ಏರುವ ಹಾಗಿಲ್ಲ. ಆ ಕೆಂಪಿನಿಂದ, ನೀರು ಓಡುವುದಕ್ಕೆ ಬಳಸಿದ ಪಾಲನ್ನು ಕೆಳಕ್ಕೆ ಅಳೆದು ಕಳೆದರೆ ನೀಲಿ. ಪೈಪಿಗೆ ತೂತು ಕೊರೆದು ಗಾಜಿನ ನಳಿಗೆ ನಿಲ್ಲಿಸಿದರೆ ನೀರು ಎಲ್ಲಿಯವರೆಗೆ ಏರೀತೋ ಅದೇ ನೀಲಿ ಗೆರೆ.

ರಿಡ್ಯೂಸರ್, ಅಂದರೆ ದಪ್ಪ ಪೈಪು ಸಣ್ಣದಾಗುವ ಜಾಗ, ಬಂತೆಂದರೆ ರಘುರಾಮರು ಪೆನ್ಸಿಲ್ ಎತ್ತಿ ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದರು. ಅಲ್ಲಿ ಕೆಂಪು ಚೂರೇ ಇಳಿಯುತ್ತದೆ, ನೀಲಿ ಮಾತ್ರ ದೊಪ್ಪನೆ ಬೀಳುತ್ತದೆ. ಓಡಲಿಕ್ಕೆ ಖರ್ಚಾದದ್ದು ಒತ್ತಲಿಕ್ಕೆ ಉಳಿಯುವುದಿಲ್ಲ ಎಂದು ಹೊಸಬರಿಗೆ ಹೇಳುತ್ತಿದ್ದರು. ನೀಲಿ ಬಿದ್ದ ಜಾಗದಲ್ಲಿ ಇರುವೆಯಷ್ಟು ಸಣ್ಣಗೆ, ಕನ್ನಡದಲ್ಲಿ, "ಜಾಗ್ರತೆ" ಎಂದು ಬರೆಯುತ್ತಿದ್ದರು. ಗುಜರಾತಿನ ಹುಡುಗರು ಅದು ರಘುಕಾಕಾನ ಸಹಿ ಎಂದುಕೊಂಡಿದ್ದರು.

ಮೂರು ವರ್ಷದ ಹಿಂದೆ ಒಂದು ಹಳ್ಳಿಗೆ ಕುಡಿಯುವ ನೀರಿನ ಕೆಲಸ ಬಂತು. ಪಂಪು ನೀರನ್ನು ಕಾಲುವೆಯ ಮಣ್ಣಿನ ಏರಿಯನ್ನು ಹತ್ತಿಸಿ, ಆಚೆ ಬದಿಯ ತೊಟ್ಟಿಗೆ ಇಳಿಸಬೇಕು. ಏರಿಗಿಂತ ಮೊದಲೇ ಮುನ್ನೂರು ಮಿಲಿಮೀಟರಿನ ಪೈಪು ನೂರೈವತ್ತಕ್ಕೆ ಇಳಿಯುತ್ತಿತ್ತು. ಹಾಳೆ ನನ್ನ ಮೇಜಿಗೆ ಬಂದಾಗ ಎಲ್ಲ ಚೆಂದವಾಗಿತ್ತು. ಏನೋ ಕಡಿಮೆ ಅನ್ನಿಸಿತು. ನೋಡಿದರೆ "ಜಾಗ್ರತೆ" ಇಲ್ಲ.

ನೀಲಿ ಬಿದ್ದೇ ಇರಲಿಲ್ಲ. ರಿಡ್ಯೂಸರ್ ದಾಟಿದ ಮೇಲೂ ಕೆಂಪಿನಿಂದ ಅಷ್ಟೇ ದೂರದಲ್ಲಿ ಜೊತೆಜೊತೆಯಾಗಿ ನಡೆದಿತ್ತು. ಪೈಪಿನ ವ್ಯಾಸ ಅರ್ಧವಾದರೆ ನೀರಿನ ವೇಗ ನಾಲ್ಕು ಪಟ್ಟು, ಎರಡು ಗೆರೆಗಳ ನಡುವಿನ ಅಂತರ ಹದಿನಾರು ಪಟ್ಟು. ಆರೂವರೆ ಸೆಂಟಿಮೀಟರ್ ಇದ್ದದ್ದು ಒಂದು ಮೀಟರನ್ನೂ ಮೀರಬೇಕು. ಅವರ ಹಾಳೆಯಲ್ಲಿ ಏರಿಯ ನೆತ್ತಿಯ ಮೇಲೆ ನೀಲಿ ಗೆರೆ ಪೈಪಿಗಿಂತ ಅರವತ್ತು ಸೆಂಟಿಮೀಟರ್ ಮೇಲಿತ್ತು. ನಿಜಕ್ಕೂ ಅದು ಪೈಪಿಗಿಂತ ಸುಮಾರು ನಲವತ್ತು ಸೆಂಟಿಮೀಟರ್ ಕೆಳಗೆ ಇರಬೇಕಿತ್ತು. ನೀಲಿ ಪೈಪಿನ ಕೆಳಗೆ ಹೋಯಿತೆಂದರೆ ಒಳಗೆ ಒತ್ತಡವಲ್ಲ, ಎಳೆತ. ಒಂದು ಜಾಯಿಂಟ್ ಸಡಿಲವಾದರೂ ಸಾಕು, ಕಾಲುವೆಯ ಕೆಸರು ನೀರನ್ನು ಪೈಪು ಹೀರಿಕೊಂಡು ಹಳ್ಳಿಯ ಮಕ್ಕಳಿಗೆ ಕುಡಿಸುತ್ತದೆ.

ನಾನು ಕೂಗಾಡುವ ಮನುಷ್ಯ. ಬೇರೆ ಯಾರೇ ಆಗಿದ್ದರೂ ಹಾಳೆಯನ್ನು ಮುಖಕ್ಕೆ ಎಸೆಯುತ್ತಿದ್ದೆ. ಅವತ್ತು ನನ್ನ ಬಾಯಿಗೆ ಏನು ಬಡಿದಿತ್ತೋ. ರಬ್ಬರ್ ತೆಗೆದು ನೀಲಿಯನ್ನು ಅಳಿಸಿ ಸರಿಯಾಗಿ ಎಳೆದೆ. ರಿಡ್ಯೂಸರನ್ನು ಏರಿ ದಾಟಿಸಿ, ಮೂರು ಮೀಟರ್ ಕೆಳಗೆ ಇಳಿಜಾರಿನಲ್ಲಿ ಇಟ್ಟೆ. ಈಗ ನೀಲಿ ಎಲ್ಲೂ ಪೈಪನ್ನು ಮುಟ್ಟಲಿಲ್ಲ. ಯಾರಿಗೂ ಹೇಳಲಿಲ್ಲ. ವಯಸ್ಸಾಯಿತು, ಮರೆತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮರುತಿಂಗಳು ಮತ್ತೊಂದು. ಆಮೇಲೆ ಇನ್ನೊಂದು. ಏಳು ತಿಂಗಳಲ್ಲಿ ಐದು ಹಾಳೆ ತಿದ್ದಿದೆ. ಅವರ ಹೆಸರು ಉಳಿಸುತ್ತಿದ್ದೇನೆ ಎಂದು ಒಳಗೊಳಗೇ ಹೆಮ್ಮೆ ಬೇರೆ. ಮಣ್ಣು ತಿಂದೆ, ಅಷ್ಟೇ.

ಹೊಸದಾಗಿ ಸೇರಿದ ಮನಸ್ವಿನಿ ಎಂಬ ಇಂಜಿನಿಯರಿಗೆ ಪಾಠ ಹೇಳಲು ರಘುರಾಮರು ಒಂದು ಮಧ್ಯಾಹ್ನ ಆ ಹಳ್ಳಿಯ ಹಾಳೆಯನ್ನೇ ಹೊರತೆಗೆದರು. ರಿಡ್ಯೂಸರ್ ಮೇಲೆ ಬೆರಳಿಟ್ಟು ನಿಂತರು. ಆಮೇಲೆ ಹಾಳೆಯನ್ನು ನನ್ನ ಮೇಜಿನ ಮೇಲೆ ಹಾಸಿದರು.

"ಇದು ನನ್ನ ಗೆರೆ ಅಲ್ಲ ಬಸವರಾಜ್ರೆ. ನಾನು ಎಳೆದಿದ್ರೆ ಜಾಗ್ರತೆ ಬರೀತಿದ್ದೆ."

ಪಾಪಿ ನಾನು. ಗೆರೆ ತಿದ್ದಿದವನು ಆ ಒಂದು ಪದ ಬರೆಯಲು ಮರೆತಿದ್ದೆ.

"ಎಷ್ಟು ಹಾಳೆ?" ಎಂದರು.

"ಇದೊಂದೇ ರೀ, ಬಿಡ್ರಿ," ಎಂದೆ.

ಅವರು ಎರಡು ವರ್ಷದ ಕಡತಗಳನ್ನು ತರಿಸಿಕೊಂಡು, ಮನಸ್ವಿನಿಯ ಕೈಯಲ್ಲಿ ಒಂದೊಂದು ರಿಡ್ಯೂಸರಿನ ಲೆಕ್ಕವನ್ನೂ ಮತ್ತೆ ಮಾಡಿಸಿದರು. ನಾಲ್ಕು ದಿನ ಹಿಡಿಯಿತು. ನಾನು ತಿದ್ದಿದ ಐದೂ ಸಿಕ್ಕವು. ಅದಕ್ಕೂ ಹಿಂದಿನವು ಎಲ್ಲ ಸರಿ ಇದ್ದವು. ಐದನೇ ದಿನ ಬೆಳಿಗ್ಗೆ ಮಾಲೀಕರ ಕೋಣೆಗೆ ಹೋಗಿ, ಇನ್ನು ನನ್ನ ಕೈಯನ್ನು ನಂಬಬೇಡಿ ಎಂದು ಹೇಳಿ ಕೆಲಸ ಬಿಟ್ಟರು. ಕೆಂಪು ನೀಲಿ ಪೆನ್ಸಿಲ್‌ಗಳು ಮೇಜಿನ ಮೇಲೇ ಉಳಿದವು.

ಅವರ ಹೆಂಡತಿ ಸಾವಿತ್ರಿ ನನಗೆ ಫೋನ್ ಮಾಡಿದ್ದು ಡಾಕ್ಟರ್ ಸ್ಕ್ಯಾನ್ ನೋಡಿದ ದಿನ. ಮರೆವಿನ ಕಾಯಿಲೆಯಂತೆ, ಇನ್ನೂ ಮೊದಲೇ ಬಂದಿದ್ದರೆ ಔಷಧಿಯಿಂದ ಸ್ವಲ್ಪ ನಿಧಾನಿಸಬಹುದಿತ್ತಂತೆ. ಮನೆಯಲ್ಲಿ ಎಲ್ಲ ಸರಿಯಾಗಿಯೇ ಇದ್ದರಂತೆ, ದಿನಾ ಹಾಲು ತರುತ್ತಿದ್ದರಂತೆ.

"ಹಾಳೆ ತಿದ್ದುವಾಗ್ಲೇ ನಿಮಗೆ ಗೊತ್ತಿತ್ತಲ್ಲ ಅಣ್ಣ," ಎಂದರು. "ಒಂದು ಮಾತು ನನ್ಗೆ ಹೇಳ್ಬಹುದಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ.

ಈಗ ಪ್ರತಿ ಭಾನುವಾರ ಫತೇಗಂಜಿನ ಅವರ ಮನೆಗೆ ಹೋಗುತ್ತೇನೆ. ನನ್ನ ಹೆಸರು ಮರೆತಿದ್ದಾರೆ, ಆದರೆ ಮರ್ಯಾದೆ ಮರೆತಿಲ್ಲ, ಬನ್ನಿ ಕೂತ್ಕೊಳ್ಳಿ ಎನ್ನುತ್ತಾರೆ. ಹೋದ ವಾರ ಗ್ರಾಫ್ ಹಾಳೆ, ಎರಡು ಪೆನ್ಸಿಲ್ ತೆಗೆದುಕೊಂಡು ಹೋಗಿದ್ದೆ. ಅವರ ಮುಖ ಅರಳಿತು. ಕೆಂಪು ಮೊದಲು. ತೊಟ್ಟಿಯಿಂದ ಹೊರಟರು, ಪಂಪಿನಲ್ಲಿ ನೆಟ್ಟಗೆ ಏರಿಸಿದರು. ಆಮೇಲೆ ನೀಲಿ. ರಿಡ್ಯೂಸರಿಗೆ ಬಂದು ಪೆನ್ಸಿಲ್ ಎತ್ತಿದರು. ನೀಲಿಯನ್ನು ಹಾಗೇ ಮುಂದಕ್ಕೆ, ಕೆಂಪಿನ ಜೊತೆಜೊತೆಗೆ, ಎಳೆದುಬಿಟ್ಟರು. ಪಕ್ಕದಲ್ಲಿ ಇರುವೆಯಷ್ಟು ಸಣ್ಣಗೆ "ಜಾಗ್ರತೆ" ಎಂದು ಬರೆದು, ಅದನ್ನೇ ನೋಡುತ್ತ ಕೂತರು.

"ಇದನ್ನ ಎಂತಕ್ಕೆ ಬರಿಯುದು ಮಾರಾಯ್ರೆ?"

ಈ ಸಲ ನಾನು ಮುಚ್ಚಿಡಲಿಲ್ಲ. ಅವರ ಕಣ್ಣೆದುರಿಗೇ ರಬ್ಬರ್ ಹಿಡಿದು ನೀಲಿ ಗೆರೆ ಅಳಿಸಿದೆ, ಅದನ್ನು ಕೆಳಕ್ಕೆ ಬೀಳಿಸಿ ತೋರಿಸಿದೆ. "ಪೈಪು ಸಣ್ಣದಾದ್ರ ನೀರು ಜೋರು ಓಡ್ತದ್ರಿ. ಓಡಾಕ ಖರ್ಚಾದದ್ದು ಒತ್ತಾಕ ಉಳಿಯಂಗಿಲ್ಲ. ಅದಕ್ಕ."

ಅವರು ಬೆರಗಿನಿಂದ ಕೇಳಿದರು. "ಹೌದಾ? ನಿಮ್ಗೆ ಇದನ್ನ ಯಾರು ಹೇಳಿಕೊಟ್ಟದ್ದು?"

"ನಿಮ್ಮ ಊರ ಕಡೆಯವರೇ ಒಬ್ಬರು ರೀ. ರಘುರಾಮ ಅಂತ."

ಅವರು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

"ಒಳ್ಳೆ ಕೆಲಸದವ್ರು," ಎಂದರು. "ಅವ್ರನ್ನ ಬಿಡ್ಬೇಡಿ."