ಬಾಗಿಲು ಹಾಕುವ ಕ್ರಮ

ನಾವುಂದದ ಪದ್ದು ಮೀನು ಮಾರುವುದರಲ್ಲಿ ಎಷ್ಟು ಗಟ್ಟಿಗಿತ್ತಿಯೋ, ಅವಳ ಮಗಳು ಶ್ರೀಲತಾ ಕಂಪ್ಯೂಟರ್ ಜೋಡಿಸುವುದರಲ್ಲಿ ಅಷ್ಟೇ ಗಟ್ಟಿಗಿತ್ತಿ. ಅದನ್ನು ಹೇಳಿಕೊಳ್ಳುವುದರಲ್ಲೂ ತಾಯಿ ಮಗಳು ಇಬ್ಬರಿಗೂ ನಾಚಿಕೆ ಇರಲಿಲ್ಲ. ತಾಯಿ ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಬುಟ್ಟಿಗೆ ಹಾಕಿದವಳಲ್ಲ. ಮಗಳು ಕೈಯಲ್ಲಿ ತೂಗಿ ನೋಡದೆ ಒಂದು ಪವರ್ ಸಪ್ಲೈಯನ್ನೂ ಕ್ಯಾಬಿನೆಟ್ಟಿನೊಳಗೆ ಕೂರಿಸಿದವಳಲ್ಲ. ಮೇಲಿನ ಚೀಟಿಯಲ್ಲಿ ನಾನೂರೈವತ್ತು ವ್ಯಾಟ್ ಎಂದು ಬರೆದುಕೊಂಡು, ಒಳಗೆ ನೆಟ್ಟಗೆ ತಾಮ್ರವೂ ಇಲ್ಲದ ಹಗುರ ಡಬ್ಬಿಗಳನ್ನು ಅವಳು ಕುಂದಾಪುರದ ರಿಪೇರಿ ಅಂಗಡಿಯಲ್ಲಿ ಮೂರು ವರ್ಷ ದುಡಿಯುವಾಗ ರಾಶಿ ಕಂಡಿದ್ದಳು. ಸುಟ್ಟುಹೋದ ಯಂತ್ರಗಳನ್ನು ಬಿಚ್ಚಿ ಬಿಚ್ಚಿಯೇ ಸುಡದ ಯಂತ್ರ ಹೇಗಿರಬೇಕೆಂದು ಕಲಿತವಳು ಅವಳು.

ಯಡ್ತರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸ್ವಂತ ಅಂಗಡಿ ತೆರೆದು ಒಂದು ವರ್ಷವಾಗಿತ್ತು. ರಿಪೇರಿ ಬರುತ್ತಿತ್ತು, ಹೊಸ ಯಂತ್ರದ ಆರ್ಡರು ಬರುತ್ತಿರಲಿಲ್ಲ. ಹೆಣ್ಣು ಮಗಳು ಸ್ಕ್ರೂಡ್ರೈವರ್ ಹಿಡಿದರೆ ನೋಡಿ ಹೋಗುವವರು ಬಹಳ, ನಂಬಿ ಕೊಡುವವರು ಕಡಿಮೆ. ಹಾಗಿರುವಾಗ 2009ರ ಮಾರ್ಚಿನಲ್ಲಿ ಬೈಂದೂರು ಪೇಟೆಯ ದಿನಸಿ ಅಂಗಡಿಯ ಕೃಷ್ಣಯ್ಯ ಐತಾಳರು ಅವಳನ್ನು ಕರೆಸಿದರು.

ಐತಾಳರಿಗೆ ಕಂಪ್ಯೂಟರ್ ಎಂದರೆ ಮೈಯೆಲ್ಲ ಉರಿ. ಬಿಲ್ಲಿಗೆಂದು ಹಾಕಿಸಿದ ಮೊದಲನೆಯದು ಒಂದು ಮಳೆಗಾಲ ದಾಟಲಿಲ್ಲ. ಎರಡನೆಯದು ಕರೆಂಟು ಹೋದಾಗಲೆಲ್ಲ ಕೈಕೊಟ್ಟು, ಕೊನೆಗೆ ಆರು ತಿಂಗಳ ಲೆಕ್ಕವನ್ನೆಲ್ಲ ನುಂಗಿಕೊಂಡು ಸತ್ತಿತು.

"ಕಾಣ್ ಹೆಣೆ," ಎಂದರು ಐತಾಳರು. "ಇಪ್ಪತ್ತ್ ಸಾವ್ರದೊಳ್ಗೆ ಆಯ್ಕ್. ಚೌತಿ ಹೊತ್ತಿಗ್ ಇದೂ ನಿಂತ್ರೆ, ನಾನೇ ರಿಕ್ಷಾದಗ್ ಹೊತ್ಕಂಡ್ ಬಂದ್ ನಿನ್ ಅಂಗ್ಡಿ ಮುಂದೆ ಇಟ್ಟಿಕ್ ಹೋತೆ. ಪೇಟಿಯವ್ರೆಲ್ಲ ಕಾಣ್ಲಿ."

"ನಿಲ್ಲುದಿಲ್ಲ ಐತಾಳ್ರೆ," ಎಂದಳು ಶ್ರೀಲತಾ. ಹೇಳಿದ್ದು ಧೈರ್ಯವಾಗಿಯೇ. ಆದರೆ ಐತಾಳರ ಮಾತು ತಮಾಷೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಸಾಲಿನ ಬಟ್ಟೆ ಅಂಗಡಿಯ ರವಿರಾಜ್ ಸೇರಿ ನಾಲ್ಕು ಜನ, 'ಐತಾಳರದ್ದು ಹೇಗೆ ನಡೆಯುತ್ತದೆ ನೋಡಿ ಹೇಳುತ್ತೇವೆ' ಎಂದು ಆರ್ಡರು ಕೊಡದೆ ಕಾದು ಕೂತಿದ್ದರು. ಈ ಯಂತ್ರ ನಿಂತರೆ ಅವಳ ಅಂಗಡಿಯೂ ನಿಂತಂತೆಯೇ.

ಖರ್ಚು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎನ್ನುವುದೇ ಅವಳ ವಿದ್ಯೆ. ಐತಾಳರಿಗೆ ಗೋಡೆಗೆ ಒರಗುವಂಥ ತೆಳು ಮಾನಿಟರ್ ಮೇಲೆ ಆಸೆ. ಅವಳು ಹಳೇ ದಪ್ಪ ಮಾನಿಟರನ್ನೇ ಒರೆಸಿ ಇಟ್ಟಳು. ಬಿಲ್ಲು ಹಾಕುವ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡು ಯಾಕೆ? ಬೇಡ. ಸಾಧಾರಣ ಡ್ಯುಯಲ್ ಕೋರ್ ಪ್ರೊಸೆಸರು, ಎರಡು ಜಿಬಿ ರ್‍ಯಾಮು ಸಾಕು. ಮದರ್‌ಬೋರ್ಡು ಮಾತ್ರ ಹುಡುಕಿ ತಂದಳು, ಐತಾಳರ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಗಲ ಕೇಬಲ್ ಸಿಕ್ಕಿಸುವ ಪೋರ್ಟು ಅದರಲ್ಲಿ ಇರಲೇಬೇಕಿತ್ತು. ಉಳಿಸಿದ ಹಣವೆಲ್ಲ ಕಣ್ಣಿಗೆ ಕಾಣದ ಕಡೆ ಹೋಯಿತು. ತೂಕದ ಪವರ್ ಸಪ್ಲೈ, ದಿನದ ಲೆಕ್ಕ ನಕಲಾಗಲು ಎರಡನೆಯ ಹಾರ್ಡ್‌ಡಿಸ್ಕು, ಕರೆಂಟು ಹೋದರೆ ಬ್ಯಾಟರಿಯಿಂದ ಯಂತ್ರ ನಡೆಸುವ ಆರುನೂರು ವಿಎಯ ಯುಪಿಎಸ್ಸು, ಎರಡು ಪೆನ್‌ಡ್ರೈವು.

ಯಂತ್ರ ಇಡುವ ಮೊದಲು ಪ್ಲಗ್ಗಿನ ಅರ್ತಿಂಗ್ ನೋಡಿದಳು. ಫೇಸಿಗೂ ಅರ್ತಿಗೂ ನಡುವೆ ನೂರು ಕ್ಯಾಂಡಲ್ ಬಲ್ಬು ಹಿಡಿದರೆ ಅದು ಉರಿಯಲೇ ಇಲ್ಲ. ಮೂರನೆಯ ತೂತಿಗೆ ತಂತಿಯೇ ಇರಲಿಲ್ಲ! ಎಲೆಕ್ಟ್ರಿಷಿಯನ್ ದೇವುವನ್ನು ಕರೆಸಿ, ಅಂಗಡಿಯ ಹಿಂದೆ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ, ಹೊಸ ತಂತಿ ಎಳೆಸಿದ ಮೇಲೆ ಬಲ್ಬು ಝಗ್ ಎಂದಿತು. ಬೇಸಿಗೆಯಲ್ಲಿ ಕೆಂಪುಕಲ್ಲಿನ ನೆಲ ಒಣಗಿ ಹೋಗುವುದರಿಂದ ವಾರಕ್ಕೊಂದು ಕೊಡ ನೀರು ಆ ಗುಂಡಿಗೆ ಹೊಯ್ಯಬೇಕು ಎಂದು ಹೇಳಿದಳು. ಮೆಣಸಿನ ಪುಡಿಯ ಗೋಣಿಗಳ ಪಕ್ಕದ ಹಳೇ ಜಾಗದಲ್ಲಿ ಧೂಳು ಕೂರುತ್ತದೆಂದು ಹೊಸ ಯಂತ್ರವನ್ನು ಎತ್ತರದ ಹಲಗೆಯ ಮೇಲೆ ಕೂರಿಸಿದಳು.

ಬಿಲ್ಲು ಹಾಕುವವರು ಐತಾಳರ ಹೆಂಡತಿ ಚಂದ್ರಾವತಿಯಮ್ಮ. ಅವರಿಗೆ ಒಂದು ವಾರ ಪಾಠವಾಯಿತು. ದಿನದ ವ್ಯಾಪಾರ ಮುಗಿದ ಕೂಡಲೇ ನಕಲು ತೆಗೆಯಬೇಕು, ಪೆನ್‌ಡ್ರೈವ್ ಕಿತ್ತು ಮನೆಗೆ ಒಯ್ಯಬೇಕು, ಇವತ್ತು ಕೆಂಪು, ನಾಳೆ ನೀಲಿ. ಕರೆಂಟು ಹೋದರೆ ಕೈಯಲ್ಲಿರುವ ಬಿಲ್ಲು ಮುಗಿಸಿ ಯಂತ್ರ ಮುಚ್ಚಬೇಕು, ಹದಿನೈದು ನಿಮಿಷ ಸಮಯವಿದೆ. ತಿಂಗಳಿಗೊಮ್ಮೆ ಶ್ರೀಲತಾ ಬಂದು ಪೆನ್‌ಡ್ರೈವಿನ ನಕಲನ್ನು ತನ್ನ ಯಂತ್ರದಲ್ಲಿ ತೆರೆದು ನೋಡುತ್ತಿದ್ದಳು. ತೆರೆಯದ ನಕಲು ಇದ್ದರೆಷ್ಟು ಬಿಟ್ಟರೆಷ್ಟು ಎಂಬುದು ಅವಳ ಲೆಕ್ಕ. ಚಂದ್ರಾವತಿಯಮ್ಮನಿಗೆ ಈ ಹುಡುಗಿಯ ಮೇಲೆ ಬಲು ಅಕ್ಕರೆ ಹುಟ್ಟಿತು.

ಏಪ್ರಿಲ್ ಹೋಯಿತು, ಸಿಡಿಲಿನ ಮೇ ಹೋಯಿತು, ಜಡಿಮಳೆಯ ಎರಡು ತಿಂಗಳೂ ಹೋದವು. ಯಂತ್ರ ಒಂದು ದಿನವೂ ತಕರಾರು ಮಾಡಲಿಲ್ಲ. ಐತಾಳರು ಹೊಗಳಲಿಲ್ಲ, ಆದರೆ ಬೈಯುವುದನ್ನು ಬಿಟ್ಟರು. ಐತಾಳರಂಥವರಿಂದ ಅದೇ ಸನ್ಮಾನ.

ಚೌತಿಯ ಹಿಂದಿನ ದಿನ ಬೆಳಿಗ್ಗೆ ಹತ್ತೂವರೆಗೆ ಫೋನು ಬಂತು. ಆ ಕಡೆ ಚಂದ್ರಾವತಿಯಮ್ಮ. "ಕರೆಂಟ್ ಹೋಯ್ತ್ ಮಗಾ, ಅದ್ರೊಟ್ಟಿಗೆ ಕಂಪ್ಯೂಟರೂ ಹೋಯ್ತ್. ಹದ್ನೈದ್ ನಿಮ್ಷ ಎಂತ, ಒಂದ್ ನಿಮ್ಷ ನಿಲ್ಲಲಿಲ್ಲ. ಈಗಳ್ ಕರೆಂಟ್ ಬಂದಿತ್, ಬಿಲ್ಲಿನ್ ಲೆಕ್ಕ ಓಪನ್ನೇ ಆತಿಲ್ಲ."

ಶ್ರೀಲತಾಳಿಗೆ ಯುಪಿಎಸ್ಸಿನ ಬ್ಯಾಟರಿಯ ಮೇಲೇ ಅನುಮಾನ ಬಂತು. ಹೊಸ ಬ್ಯಾಟರಿಯೊಂದನ್ನು ಚೀಲಕ್ಕೆ ತುರುಕಿಕೊಂಡು ಬಂದಾಗ ಅಂಗಡಿಯ ಮುಂದೆ ಬೆಲ್ಲ, ಕಡಲೆ, ತೆಂಗಿನಕಾಯಿಗೆ ಜನ ಮುಗಿಬಿದ್ದಿದ್ದರು. ಐತಾಳರು ಕೈಯಲ್ಲೇ ಬಿಲ್ಲು ಬರೆಯುತ್ತ, ಅವಳ ಕಡೆ ನೋಡದೆ, "ರಿಕ್ಷಾ ಕರೂದಾ?" ಎಂದರು.

ಅವಳು ನೇರ ಯಂತ್ರದ ಮುಂದೆ ಹೋಗಿ ನೋಡಿದಳು. ಬಿಲ್ಲು ಸೇವ್ ಆಗುತ್ತಿದ್ದ ಹೊತ್ತಿಗೇ ಯಂತ್ರ ಸತ್ತು ಲೆಕ್ಕದ ಫೈಲು ಮುರಿದಿತ್ತು. ಅದನ್ನು ಹಾಗೆಯೇ ಬದಿಗಿಟ್ಟು, ಬ್ಯಾಟರಿ ಬದಲಿಸಿ, ಚಂದ್ರಾವತಿಯಮ್ಮ ಮನೆಯಿಂದ ತರಿಸಿದ ನೀಲಿ ಪೆನ್‌ಡ್ರೈವಿನಿಂದ ಹಿಂದಿನ ರಾತ್ರಿಯ ಲೆಕ್ಕವನ್ನು ಮರಳಿ ತಂದಳು. ಇಪ್ಪತ್ತೇ ನಿಮಿಷ. ಎಲ್ಲವೂ ಇತ್ತು. ಹೋಗಿದ್ದು ಅವತ್ತು ಬೆಳಗಿನ ಬಿಲ್ಲುಗಳು ಮಾತ್ರ, ಅವುಗಳ ಕಾರ್ಬನ್ ಪ್ರತಿ ತಂತಿಗೆ ಚುಚ್ಚಿಕೊಂಡಿತ್ತು. ಹನ್ನೊಂದೂವರೆಗೆ ಪ್ರಿಂಟರು ಕರಕರ ಎನ್ನತೊಡಗಿತು.

ಲೆಕ್ಕ ಉಳಿಯಿತು ಸರಿ. ಆದರೆ ಐದೇ ತಿಂಗಳಿಗೆ ಬ್ಯಾಟರಿ ಸತ್ತದ್ದು ಯಾಕೆ? ಹಳೇ ಬ್ಯಾಟರಿಗೆ ಮೀಟರು ಹಿಡಿದರೆ ಹನ್ನೆರಡೂವರೆ ವೋಲ್ಟು ತೋರಿಸುತ್ತಿತ್ತು, ಅದರಿಂದ ಒಂದು ಸಣ್ಣ ಬಲ್ಬು ಉರಿಸಿದರೆ ದಡಕ್ಕೆಂದು ಒಂಬತ್ತಕ್ಕೆ ಇಳಿಯುತ್ತಿತ್ತು. ದಿನಾ ಖಾಲಿಯಾಗಿ ದಿನಾ ತುಂಬಿ ಸವೆದ ಬ್ಯಾಟರಿಯ ಲಕ್ಷಣ ಅದು. ಕರೆಂಟು ಅಷ್ಟೆಲ್ಲ ಹೋಗಿರಲಿಲ್ಲ. ಕಂಪನಿಯದೇ ದೋಷ ಎಂದುಬಿಟ್ಟರೆ ವಾರಂಟಿಯಲ್ಲಿ ಹೊಸದು ಸಿಗುತ್ತದೆ, ಐತಾಳರೂ ನಂಬುತ್ತಾರೆ. ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಹೊಸ ಬ್ಯಾಟರಿಯೂ ಐದು ತಿಂಗಳಿಗೆ ಸತ್ತರೆ? ಅಂಗಡಿಯಲ್ಲಿ ಯಂತ್ರವನ್ನು ದಿನಾ ಹೇಗೆ ಬಳಸುತ್ತಾರೆ ನೋಡಿಯೇ ಹೋಗುವುದೆಂದು ಅವಳು ಅಲ್ಲಿಯೇ ಗೋಣಿಯ ಮೇಲೆ ಕೂತು ಕಾದಳು.

ಒಂದೂವರೆಗೆ ಊಟದ ಹೊತ್ತು. ಹಬ್ಬವಿರಲಿ ಏನಿರಲಿ, ಐತಾಳರ ಅಂಗಡಿ ಎರಡು ತಾಸು ಮುಚ್ಚಲೇಬೇಕು. ಚಂದ್ರಾವತಿಯಮ್ಮ ಕಲಿಸಿದಂತೆಯೇ ಯಂತ್ರ ಮುಚ್ಚಿದರು. ಐತಾಳರು ಚಪ್ಪಲಿ ಬಿಟ್ಟು, ಬಾಗಿಲ ಪಕ್ಕದ ಮೇನ್ ಸ್ವಿಚ್ಚಿಗೆ ಕೈ ಮುಗಿದು, ಅದನ್ನು ಕೆಳಕ್ಕೆ ಎಳೆದರು. ಅವರ ತಂದೆಯ ಕಾಲದಲ್ಲಿ ವಯರಿನ ಕಿಡಿಗೆ ಸೋಗೆಯ ಅಂಗಡಿ ಸುಟ್ಟ ಮೇಲೆ, ಬಾಗಿಲು ಹಾಕುವಾಗಲೆಲ್ಲ ಮೇನ್ ಇಳಿಸುವುದು ಆ ಮನೆಯ ವ್ರತವಾಗಿತ್ತು. ಹಗಲಿಗೊಮ್ಮೆ, ರಾತ್ರಿಗೊಮ್ಮೆ.

ಮೇನ್ ಇಳಿದ ಕೂಡಲೇ ಯುಪಿಎಸ್ಸು ಕೀಂ ಕೀಂ ಎಂದು ಕೂಗತೊಡಗಿತು.

"ಇದ್ ದಿನಾ ಕೂಗ್ತಾ ಐತಾಳ್ರೆ?"

"ಕೂಗ್ತ್. ಕೂಗ್ಲಿ ಬಿಡ್. ಬೆಳ್ಗಾತ ಬಪ್ಪತಿಗೆ ತನ್ನಷ್ಟಕ್ಕೇ ನಿಂತಿರ್ತ್."

ಶ್ರೀಲತಾ ಹಣೆ ಚಚ್ಚಿಕೊಂಡಳು. ಕಂಪ್ಯೂಟರ್ ಮುಚ್ಚಿದ್ದರೂ ಯುಪಿಎಸ್ಸಿನ ಬಟನ್ ಒತ್ತಿರಲಿಲ್ಲ. ಮೇನ್ ಹೋಯಿತೆಂದರೆ ಕರೆಂಟು ಹೋಯಿತೆಂದೇ ಅದು ತಿಳಿಯುವುದು. ಯಾರಿಗೂ ಬೇಡದ ಕರೆಂಟನ್ನು ಇಡೀ ರಾತ್ರಿ ಕಕ್ಕಿ ಕಕ್ಕಿ ಬ್ಯಾಟರಿ ಬರಿದಾಗುತ್ತಿತ್ತು. ನೂರೈವತ್ತು ರಾತ್ರಿ ಹೀಗೆ ಬರಿದಾದರೆ ಯಾವ ಬ್ಯಾಟರಿ ಬದುಕೀತು? ಅರ್ತಿಂಗ್ ನೋಡಿದ್ದಳು, ಧೂಳು ನೋಡಿದ್ದಳು, ಪ್ರಿಂಟರಿನ ಪೋರ್ಟು ನೋಡಿದ್ದಳು. ಅಂಗಡಿ ಮುಚ್ಚುವುದು ಹೇಗೆ ಎಂದು ನೋಡಿರಲಿಲ್ಲ. ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

ಅವಳು ಯುಪಿಎಸ್ಸಿನ ಬಟನ್ ಒತ್ತಿ ಹಿಡಿದಳು. ಕೂಗು ನಿಂತಿತು.

"ಮೇನ್ ಇಳ್ಸುದ್ ಬಿಡುಕಾ?" ಐತಾಳರ ಮುಖ ಬಿಗಿಯಿತು.

"ಬ್ಯಾಡ. ಅದ್ ಒಳ್ಳೇ ಕ್ರಮವೇ. ಮೊದ್ಲ್ ಕಂಪ್ಯೂಟರ್, ಆಮೇಲ್ ಈ ಬಟನ್, ಕಡೀಗ್ ಮೇನ್. ಬೆಳಿಗ್ಗೆ ಮೇನ್ ಹಾಕಿದ್ ಮೇಲೆ ಬಟನ್. ಹಗ್ಲಿಡೀ ಚಾರ್ಜ್ ಆತ್ತ್, ಅಷ್ಟ್ ಸಾಕ್. ತಪ್ಪ್ ನಂದ್ ಐತಾಳ್ರೆ. ನಾನ್ ಕೇಣ್ಕಿದ್ದಿತ್, ಕೇಣ್ಲಿಲ್ಲ. ಹೊಸ ಬ್ಯಾಟ್ರಿ ನನ್ ಬಾಬ್ತೇ."

ಒಳಗೆ ಜನ ಉಳಿಯುವುದರಿಂದ ಐತಾಳರು ಮೇನನ್ನು ಮತ್ತೆ ಎತ್ತಿ ಊಟಕ್ಕೆ ಹೋದರು. ಶ್ರೀಲತಾ ಚಂದ್ರಾವತಿಯಮ್ಮನ ಜೊತೆ ಬೆಳಗಿನ ಬಿಲ್ಲುಗಳನ್ನು ಹಾಕಲು ಉಳಿದಳು. ರಿಕ್ಷಾ ಇನ್ನೂ ಬರಬಹುದು ಎಂಬ ಅಳುಕು ಮನಸ್ಸಿನಲ್ಲಿದ್ದೇ ಇತ್ತು.

ಮೂರೂವರೆಗೆ ಅಂಗಡಿ ತೆರೆಯುವುದಕ್ಕೂ ಬಟ್ಟೆ ಅಂಗಡಿಯ ರವಿರಾಜ್ ಬರುವುದಕ್ಕೂ ಸರಿಹೋಯಿತು. ಅವನಿಗೆ ಸುದ್ದಿ ಮುಟ್ಟಿತ್ತು. "ಹ್ವಾಯ್ ಐತಾಳ್ರೆ, ಇದೂ ಹಾಳಾಯ್ತಂಬ್ರಲೆ?"

ಶ್ರೀಲತಾಳ ಕೈ ಕೀಬೋರ್ಡಿನ ಮೇಲೆ ನಿಂತಿತು. ಮೂವತ್ತು ವರ್ಷದ ವ್ಯಾಪಾರದಲ್ಲಿ ತಕ್ಕಡಿಯ ತಪ್ಪನ್ನೂ ತಮ್ಮದೆಂದು ಒಪ್ಪದ ಮನುಷ್ಯ ಐತಾಳರು. ಅವರು ಬೆಲ್ಲದ ಅಚ್ಚು ಒಡೆಯುತ್ತ ತಲೆಯೆತ್ತದೆ ಹೇಳಿದರು. "ಅದ್ ಹಾಳಾದ್ದಲ್ಲ. ನಾನ್ ಹಾಳ್ ಮಾಡಿದ್ದ್. ಈ ಹೆಣ್ ಒಂದ್ ಗಂಟಿಯೊಳ್ಗೆ ಸರಿ ಮಾಡಿತ್. ಆ ಬ್ಯಾಟ್ರಿ ದುಡ್ಡ್ ನಾನೇ ಕೊಡುದ್. ನೀನ್ ಇನ್ನೂ ಎಂತ ಕಾಣ್ತಾ ಕೂತಿದ್ದಿ? ಆರ್ಡರ್ ಕೊಡ್."

ರವಿರಾಜ್ ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಶ್ರೀಲತಾಳ ಕಡೆ ತಿರುಗಿ, "ನಂಗೊಂದ್ ಮಾಡಿ ಕೊಡ್ತ್ಯಾ? ಎಷ್ಟಾತ್ತ್?" ಎಂದ.

ಅವಳು ಕೀಬೋರ್ಡನ್ನು ಬದಿಗೆ ಸರಿಸಿ ಎದ್ದಳು.

"ರೇಟ್ ಆಮೇಲ್ ಹೇಳ್ತೆ ರವಿರಾಜಣ್ಣ," ಎಂದಳು. "ಮೊದ್ಲ್ ನೀವ್ ಬಾಗ್ಲ್ ಹಾಕುದ್ ಹ್ಯಾಂಗ್ ಅಂದ್ಹೇಳಿ ತೋರ್ಸಿ. ಬನಿ, ಹೋಪ."