ಮಾರ್ಚ್ ಹೊಂದಾಣಿಕೆ

ಅವತ್ತು ಆಕೆ ನಿಂತಿದ್ದರೋ ಕೂತಿದ್ದರೋ ನನಗೆ ನೆನಪಿಲ್ಲ. ಇದನ್ನು ಮೊದಲ ಸಲ ಬರೆದಾಗ ಆಕೆಯನ್ನು ಕೂರಿಸಿ ಕಾಫಿ ತರಿಸಿದ್ದೆ. ನಮ್ಮ ಬ್ಯಾಂಕಿನಲ್ಲಿ ಠೇವಣಿ ಇಟ್ಟವರಿಗೆ ಕಾಫಿ ಕೊಡುವ ಪದ್ಧತಿಯೇ ಇರಲಿಲ್ಲ. ಆ ಕಾಫಿ ನಾನು ಆಮೇಲೆ, ನನ್ನ ಅನುಕೂಲಕ್ಕೆ ತರಿಸಿದ್ದು. ತೆಗೆದುಹಾಕಿದ್ದೇನೆ.

ಕಾಗದದ ಮೇಲೆ ಉಳಿದದ್ದನ್ನಷ್ಟೇ ನಂಬುವುದಾದರೆ ವಿಷಯ ಸಣ್ಣದು. ನಾನು ಕೊರಟಗೆರೆಯ ಒಂದು ಚಿಕ್ಕ ಸಹಕಾರ ಬ್ಯಾಂಕಿನಲ್ಲಿ ಅಕೌಂಟೆಂಟ್ ಆಗಿದ್ದೆ. ಆಕೆ ಹೊಳವನಹಳ್ಳಿಯಲ್ಲಿ ಬಾಡಿಗೆ ಕಟ್ಟಡದಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಮಧುಗಿರಿಯಲ್ಲಿದ್ದ ಒಂದು ಸೈಟು ಮಾರಿ ಬಂದ ಹನ್ನೊಂದು ಲಕ್ಷವನ್ನು ನಮ್ಮಲ್ಲಿ ಒಂದು ವರ್ಷಕ್ಕೆ ಇಟ್ಟಿದ್ದರು. ಅವಧಿ ಮುಗಿದ ದಿನ ಬಂದರು. ಕೈಯಲ್ಲಿ ನಮ್ಮದೇ ವಾರ್ಷಿಕ ವರದಿ, ಸದಸ್ಯರಿಗೆಲ್ಲ ಸ್ವೀಟ್ ಬಾಕ್ಸ್ ಜೊತೆ ಹಂಚಿದ್ದು.

"ಮಿಲ್ಲಿನ್ ಬಿಲ್ಡಿಂಗ್ ನಂಗೇ ಕೊಡ್ತೀನಿ ಅಂದವ್ನೆ ಓನರ್ರು. ಆದ್ರೆ ಅವ್ನ ತಮ್ಮಂದಿರ್ದು ಭಾಗ ಆಗ್ಬೇಕಂತೆ, ಇನ್ನೊಂದೊರ್ಸ ತಡೀರಿ ಅಂತಾನೆ. ಅಲ್ಲಿಗಂಟ ಈ ದುಡ್ಡು ಇಲ್ಲೇ ಇರ್ಲಾ, ಬ್ಯಾರೆ ಕಡೆ ಇಕ್ಲಾ ಸಾರ್?"

ಬೇರೆ ಬ್ಯಾಂಕುಗಳಿಗಿಂತ ನಾವು ಮುಕ್ಕಾಲು ಪರ್ಸೆಂಟ್ ಬಡ್ಡಿ ಹೆಚ್ಚು ಕೊಡುತ್ತಿದ್ದೆವು. ಅದನ್ನು ಹೇಳಿ ಮುಗಿಸಬಹುದಿತ್ತು. ಆದರೆ ಆಕೆ ವರದಿಯ ಪುಟವೊಂದನ್ನು ಮಡಿಸಿಕೊಂಡು ಬಂದಿದ್ದರು. "ಇದ್ರಾಗೆ ಮೂರು ನಂಬರ್ ದಪ್ಪಕ್ಕೆ ಹಾಕಿದೀರ. ಏನವು?"

ವಿವರಿಸಿದೆ. ವಿವರಿಸುವುದು ನನಗೆ ಇಷ್ಟ, ಈಗಲೂ. ಮೊದಲನೆಯದು ಎನ್‌ಪಿಎ: ನಾವು ಕೊಟ್ಟ ನೂರು ರೂಪಾಯಿ ಸಾಲದಲ್ಲಿ ಎಷ್ಟು ರೂಪಾಯಿ ಸತ್ತು ಕೂತಿದೆ ಅನ್ನುವುದು. ಬಡ್ಡಿಯೋ ಕಂತೋ ತೊಂಬತ್ತು ದಿನ ಮೀರಿ ಬರದಿದ್ದರೆ ಆ ಸಾಲ ಪೂರ್ತಿ ಆ ಪಟ್ಟಿಗೆ ಹೋಗುತ್ತದೆ. ನಮ್ಮದು ನಾಲ್ಕು. ಎರಡನೆಯದು ನಿವ್ವಳ ಬಡ್ಡಿ ಅಂತರ: ಸಾಲದವರಿಂದ ಬಂದ ಬಡ್ಡಿಯಲ್ಲಿ ನಿಮ್ಮಂಥವರಿಗೆ ಕೊಟ್ಟ ಬಡ್ಡಿ ಕಳೆದು, ಬಡ್ಡಿ ದುಡಿಯಲು ಬಿಟ್ಟ ಹಣದಲ್ಲಿ ನೂರಕ್ಕೆ ಎಷ್ಟು ಉಳಿಯಿತು ಅನ್ನುವುದು. ನಮ್ಮದು ಮೂರೂ ಮುಕ್ಕಾಲು. ಮೂರನೆಯದು ಬಂಡವಾಳ ಪರ್ಯಾಪ್ತತೆ: ಸಾಲಗಳನ್ನು ಅವುಗಳ ಅಪಾಯಕ್ಕೆ ತಕ್ಕಂತೆ ತೂಗಿ ಕೂಡಿಸಿದಾಗ, ಅದರ ನೂರು ರೂಪಾಯಿಗೆ ಬ್ಯಾಂಕಿನ ಸ್ವಂತದ್ದು, ಅಂದರೆ ಷೇರು ಹಣ ಮತ್ತು ಮೀಸಲು ನಿಧಿ, ಎಷ್ಟಿದೆ ಅನ್ನುವುದು. ನಷ್ಟವಾದರೆ ಮೊದಲು ಕರಗಬೇಕಾದದ್ದು ಅದು, ಆಮೇಲೆ ನಿಮ್ಮ ಠೇವಣಿ. ಒಂಬತ್ತಾದರೂ ಇರಲೇಬೇಕು. ನಮ್ಮದು ಹದಿಮೂರು.

"ಅಂಗಾರೆ ಮೊದಲ್ನೇದು ಕಮ್ಮಿ ಇರ್ಬೇಕು, ಕೊನೇದು ಜಾಸ್ತಿ ಇರ್ಬೇಕು. ಮಧ್ಯದ್ದು?"

"ಅದೂ ಜಾಸ್ತಿ ಇದ್ರೆ ಒಳ್ಳೇದೇ. ಆದ್ರೆ ನಿಜವಾಗ್ಲೂ ಬಂದ ಬಡ್ಡಿ ಆಗಿರ್ಬೇಕಷ್ಟೆ."

ಆಕೆ ನಕ್ಕರು. "ಬರ್ದೇ ಇರೋ ಬಡ್ಡೀನೂ ಬಂತು ಅಂತ ಬರ್ಕತಾರಾ? ನಾನು ರಾಗಿ ಬೀಸಿ ಕೂಲಿ ಬರ್ಲಿಲ್ಲ ಅಂದ್ರೆ ಗೋಡೆ ಮ್ಯಾಲೆ ಗೀಚ್ತೀನಿ ಕಣ್ ಸಾರ್. ಡಬ್ಬಿಗೆ ಬಿತ್ತು ಅಂತ ತಿಳ್ಕಳಲ್ಲ."

"ಬರ್ಕೋಬಾರ್ದು ಅಂತ ರೂಲ್ ಐತೆ ಅಮ್ಮಾ," ಎಂದೆ.

ಎಂದೆನೇ? ಈ ಮಾತನ್ನು ನಾನು ಹೇಳಿರದಿದ್ದರೆ ಒಳ್ಳೆಯದಿತ್ತು, ಆದ್ದರಿಂದ ಹೇಳಿಯೇ ಇರಬೇಕು. ಆಕೆ ಇನ್ನೊಂದು ವರ್ಷಕ್ಕೆ ನವೀಕರಣ ಮಾಡಿಸಿದರು. ಅರ್ಜಿ ತುಂಬಿರುವ ಅಕ್ಷರ ನನ್ನದು. ಇದು ನೆನಪಲ್ಲ, ಜೆರಾಕ್ಸ್ ಇದೆ.

ರೂಲ್ ಇತ್ತು. ಅದರ ಪಕ್ಕದಲ್ಲೇ ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇತ್ತು, ಮಾರ್ಚ್ ಹೊಂದಾಣಿಕೆ. ನಾನು ಕೆಲಸಕ್ಕೆ ಸೇರುವ ಮುಂಚಿನಿಂದ ಇತ್ತು, ಯಾರು ಶುರು ಮಾಡಿದರೆಂದು ಯಾರೂ ಹೇಳುತ್ತಿರಲಿಲ್ಲ. ಮಾರ್ಚ್ ಕೊನೆಯ ವಾರ ಮ್ಯಾನೇಜರು ಒಂದು ಪಟ್ಟಿ ಕೊಡುತ್ತಿದ್ದರು. ಪಾವಗಡದ ಕಡೆಯ ಒಬ್ಬ ಎಣ್ಣೆ ಮಿಲ್ಲಿನವನು ಅದರಲ್ಲಿ ಖಾಯಂ. ಅವನ ಸಾಲ ಎಂಟು ಲಕ್ಷ, ವರ್ಷದಿಂದ ಕಟ್ಟದ ಬಡ್ಡಿ ಒಂದು ಲಕ್ಷ ಇಪ್ಪತ್ತು ಸಾವಿರ. ಹಾಗೇ ಬಿಟ್ಟರೆ ವರದಿಯಲ್ಲಿ ಎನ್‌ಪಿಎ. ಅವನಿಗೆ ಅದೇ ದಿನ ಒಂಬತ್ತೂವರೆ ಲಕ್ಷದ ಹೊಸ ಸಾಲ. ಅದರಲ್ಲಿ ಒಂಬತ್ತು ಲಕ್ಷ ಇಪ್ಪತ್ತು ಸಾವಿರ ಹಳೆಯ ಸಾಲಕ್ಕೆ ಜಮಾ, ಸಾಲ ಚುಕ್ತಾ. ಹೊಸ ಸಾಲ ತೆಗೆದವರು ನೂರಕ್ಕೆ ಎರಡೂವರೆಯಂತೆ ಬ್ಯಾಂಕಿನ ಷೇರು ಕೊಳ್ಳಬೇಕು, ಅದು ಇಪ್ಪತ್ತಮೂರು ಸಾವಿರದ ಏಳುನೂರೈವತ್ತು, ಅದನ್ನೂ ಸಾಲದಲ್ಲೇ ಹಿಡಿಯುತ್ತಿದ್ದೆವು. ಮಿಕ್ಕ ಆರು ಸಾವಿರದ ಇನ್ನೂರೈವತ್ತು ಅವನ ಕೈಗೆ.

"ಏಮಿ ಸಾರ್, ಇಂತೇನಾ?" ಎನ್ನುತ್ತಿದ್ದ ಎಣಿಸುತ್ತ. "ಇಷ್ಟೇನಾ? ವರ್ಷಕ್ಕೊಂದ್ಸಲ ಅಳಿಯ ಮನೇಗ್ ಬಂದ್ರೆ ಪಂಚೆ ಶಲ್ಯಕ್ಕೂ ಸಾಲಲ್ವಲ್ಲ!"

"ಸೈನ್ ಹಾಕಯ್ಯ, ಅಳಿಯ," ಎನ್ನುತ್ತಿದ್ದರು ಮ್ಯಾನೇಜರು. "ಮಾವನ ಮನೆ ಮಾನ ಉಳ್ಸು."

ನಾವೆಲ್ಲ ನಗುತ್ತಿದ್ದೆವು. ನಾನೂ. ನಗುತ್ತಲೇ ವೋಚರು ಬರೆಯುತ್ತಿದ್ದೆ.

ಆ ಒಂದು ವೋಚರಿನಿಂದ ಏನೇನಾಗುತ್ತಿತ್ತೆಂದು ನನಗೆ ಅರ್ಥವಾಗಲು ತಡವಾಯಿತು. ಈ ವಾಕ್ಯವನ್ನು ಹೊಡೆದು ಹಾಕಿದ್ದೆ, ಮತ್ತೆ ಬರೆದೆ, ಇದು ನಿಜವೋ ಅಲ್ಲವೋ ತೀರ್ಮಾನಿಸಲು ಆಗುತ್ತಿಲ್ಲ. ಕೆಟ್ಟ ಸಾಲ ಮಾಯವಾಗಿ ಎನ್‌ಪಿಎ ಇಳಿಯುತ್ತಿತ್ತು. ಬರದ ಬಡ್ಡಿ, ನಾವೇ ಕೊಟ್ಟ ಸಾಲದಿಂದ, ಬಂದ ಬಡ್ಡಿಯಾಗಿ ಬಡ್ಡಿ ಅಂತರ ಏರುತ್ತಿತ್ತು. ಷೇರು ಹಣವೂ ನಾವೇ ಕೊಟ್ಟದ್ದೇ, ಅದು ಬಂಡವಾಳಕ್ಕೆ ಸೇರುತ್ತಿತ್ತು. ಸಾಲ ಕೆಟ್ಟಷ್ಟೂ ಮೂರೂ ಅಂಕಿ ಚೆಂದವಾಗುತ್ತಿದ್ದವು. ಮಿಲ್ಲಿನಾಕೆಗೆ ನಾನು ಹೇಳಿಕೊಟ್ಟ ಪಾಠದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಂಕಿಗಳನ್ನು ಮಾತ್ರ ನಾನೇ ತಯಾರಿಸಿದ್ದೆ.

ಆ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ತಪಾಸಣೆಗೆ ಇಬ್ಬರು ಬಂದರು. ಅವರಲ್ಲಿ ಕಿರಿಯಳಾದ ಅಧಿಕಾರಿ ಯಾವ ಫೈಲನ್ನೂ ಬಿಚ್ಚಲಿಲ್ಲ. ಮಾರ್ಚ್ ಕೊನೆಯ ವಾರ ಚುಕ್ತಾ ಆದ ಸಾಲಗಳ ಪಟ್ಟಿ ಕೇಳಿದಳು. ಅದೇ ವಾರ ಕೊಟ್ಟ ಹೊಸ ಸಾಲಗಳ ಪಟ್ಟಿ ಕೇಳಿದಳು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಸ್ಕೇಲಿನಿಂದ ಒಂದೊಂದೇ ಸಾಲು ಇಳಿಸುತ್ತ ಹೋದಳು.

"ಸರ್, ಇವೆರಡೂ ಒಂದೇ ಪಟ್ಟಿ ಅಲ್ವಾ?"

ಮ್ಯಾನೇಜರು ಹೊರಗೆ ಫೋನಿನಲ್ಲಿದ್ದರು, ಅಥವಾ ಫೋನಿನಲ್ಲಿರುವಂತೆ ನಿಂತಿದ್ದರು. ಉತ್ತರ ನಾನು ಕೊಡಬೇಕಿತ್ತು. "ಹೌದು ಮೇಡಂ," ಎಂದೆ. ಅಷ್ಟು ವರ್ಷಗಳಲ್ಲಿ ಈ ಬಗ್ಗೆ ನಾನು ಆಡಿದ ಒಂದೇ ನಿಜವಾದ ಮಾತು ಅದು, ಅದಕ್ಕೆ ಧೈರ್ಯವೇನೂ ಬೇಕಾಗಿರಲಿಲ್ಲ.

ಅವರು ಹೊಂದಾಣಿಕೆಗಳನ್ನೆಲ್ಲ ಬಿಚ್ಚಿ ಹಿಂದಕ್ಕೆ ಹೋದರು. ಕೆಲವು ಸಾಲಗಳು ಆರು ವರ್ಷಗಳ ಹಿಂದೆಯೇ ಸತ್ತಿದ್ದವು. ಎನ್‌ಪಿಎ ನಾಲ್ಕರಿಂದ ಮೂವತ್ತೊಂದಾಯಿತು. ಬಾರದ ಬಡ್ಡಿಯನ್ನು ಆದಾಯದಿಂದ ತೆಗೆದಾಗ ಬಡ್ಡಿ ಅಂತರ ಒಂದರ ಹತ್ತಿರಕ್ಕೆ ಕುಸಿಯಿತು, ಅದು ನಮ್ಮ ಸಂಬಳಕ್ಕೂ ಕಟ್ಟಡದ ಕರೆಂಟಿಗೂ ಸಾಲದು. ಹಳೆಯ ಕೆಟ್ಟ ಸಾಲಗಳ ನಷ್ಟಕ್ಕೆಂದು ಎತ್ತಿಡಬೇಕಾದ ಮೊತ್ತವನ್ನು ಬಂಡವಾಳದಲ್ಲಿ ಕಳೆದರು. ಹದಿಮೂರು ಸೊನ್ನೆ ದಾಟಿ ಕೆಳಗಿಳಿಯಿತು. ಅಧಿಕಾರಿ ಆ ಅಂಕಿಯ ಹಿಂದೆ ಕಳೆಯುವ ಗೆರೆ ಎಳೆದದ್ದನ್ನು ನಾನು ಎದುರಿನಿಂದ, ತಲೆಕೆಳಗಾಗಿ ನೋಡಿದೆ.

ಮರುದಿನವೇ ಹೊಳವನಹಳ್ಳಿಗೆ ಹೋಗಿ ಆಕೆಗೆ ಹೇಳಿದೆ ಎಂದು ಒಂದು ಪ್ರತಿಯಲ್ಲಿ ಬರೆದಿದ್ದೇನೆ. ಹೋಗಿದ್ದು ನಿಜ. ಪ್ರೈವೇಟ್ ಬಸ್ಸಿನಿಂದ ಇಳಿದೆ. ಮಿಲ್ಲಿನ ಬಾಗಿಲಿನ ತನಕ ಹೋದೆ. ಬೆಲ್ಟಿನ ಸದ್ದು, ಮುಖದ ಮೇಲೆಲ್ಲ ಹಿಟ್ಟು, ಆಕೆ ಕೈಯೆತ್ತಿ "ಏನ್ ಸಾರ್, ಈ ಕಡೆ!" ಎಂದರು. ಆ ಹೊತ್ತಿಗೆ ಹಣ ತೆಗೆಯಿರಿ ಎಂದಿದ್ದರೆ ತೆಗೆಯಬಹುದಿತ್ತು. ಅವಧಿಗೆ ಮುಂಚೆ ತೆಗೆದರೆ ಸ್ವಲ್ಪ ಬಡ್ಡಿ ಹೋಗುತ್ತಿತ್ತು, ಅಷ್ಟೇ. ಆದರೆ ಆಕೆಗೆ ಹೇಳಿದರೆ ಸಂಜೆಯೊಳಗೆ ಊರಿಗೆ ಊರೇ ಕೌಂಟರಿಗೆ ಬರುತ್ತದೆ, ಇರುವ ಬ್ಯಾಂಕೂ ಆ ದಿನವೇ ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ. ಆ ಲೆಕ್ಕವೂ ಸರಿಯೇ. ಎರಡು ಕೆಜಿ ರಾಗಿಹಿಟ್ಟು ಕಟ್ಟಿಸಿಕೊಂಡು ಬಂದೆ. ಆಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮೂರು ವಾರದ ಬಳಿಕ ನಿರ್ಬಂಧದ ಆದೇಶ ಬಂತು. ಹೊಸ ಸಾಲ ಕೊಡುವಂತಿಲ್ಲ, ಠೇವಣಿ ಹಿಂದಿರುಗಿಸುವಂತಿಲ್ಲ. ಷಟರಿನ ಮೇಲೆ ನೋಟೀಸು ಅಂಟಿಸಿದವನು ನಾನೇ. ಠೇವಣಿ ವಿಮೆಯಿಂದ ಒಬ್ಬರಿಗೆ ಹೆಚ್ಚೆಂದರೆ ಐದು ಲಕ್ಷ ಸಿಗುತ್ತದೆ, ಅದಕ್ಕೆ ಪ್ರತಿಯೊಬ್ಬರೂ ಬಂದು ಒಪ್ಪಿಗೆ ಪತ್ರ ಕೊಡಬೇಕು, ಬೇರೆ ಬ್ಯಾಂಕಿನ ಖಾತೆ ನಂಬರ್ ಬರೆಯಬೇಕು. ಬಡವನಹಳ್ಳಿ ಶಾಖೆಯವರನ್ನೂ ನಮ್ಮಲ್ಲಿಗೇ ಕರೆಸಿಕೊಂಡು ನಾಲ್ಕು ಮೇಜು ಹಾಕಿದೆವು.

ಆಕೆ ಬಂದದ್ದು ಎರಡನೆಯ ವಾರ. ಈ ಸಲ ಕೂತರು. ಇದನ್ನು ನಾನು ಸೇರಿಸಿದ್ದಲ್ಲ, ಕುರ್ಚಿಗಳನ್ನು ನಾವೇ ಹಾಕಿಸಿದ್ದೆವು.

"ಬಿಲ್ಡಿಂಗು ಹೋಯ್ತು ಸಾರ್. ತಮ್ಮಂದಿರ್ದು ಭಾಗ ಬಿರ್ನೆ ಆಗೋಯ್ತು. ನಂತಾವ ದುಡ್ಡಿಲ್ಲ ಅಂತ ಗೊತ್ತಾಯ್ತಿದ್ದಂಗೇ ಶಿರಾದವ್ರು ಯಾರೋ ಅಡ್ವಾನ್ಸ್ ಕೊಟ್ಬುಟ್ರು. ಯುಗಾದಿಗಂಟ ಟೈಮ್ ಕೊಟ್ಟವ್ರೆ, ಮಿಶಿನ್ ಎತ್ಕಂಡು ಹೋಗ್ಬೇಕು."

ನಾನು ಪತ್ರ ತುಂಬುತ್ತಿದ್ದೆ. ಬೈಯಲಿ ಎಂದು ಕಾದೆ. ಪಕ್ಕದ ಮೇಜಿನಲ್ಲಿ ಒಬ್ಬರು ನಮ್ಮೆಲ್ಲರ ವಂಶವನ್ನೇ ಬೈಯುತ್ತಿದ್ದರು, ಅದು ಒಂದು ರೀತಿ ಹಗುರವೆನಿಸುತ್ತಿತ್ತು.

"ಐದು ಬತ್ತದೆ ಅಂದ್ರಲ್ಲ. ಮಿಕ್ಕಿದ್ ಆರು ಲಕ್ಷ?"

"ಅದು ವಸೂಲಿ ಮೇಲೆ ಹೋಗುತ್ತೆ ಅಮ್ಮಾ. ಮೊದ್ಲು ಸಾಲದವ್ರಿಂದ ಬರ್ಬೇಕು. ಅದ್ರಲ್ಲಿ ಮೊದಲು ವಿಮೆಯವ್ರು ಕೊಟ್ಟಿದ್ದನ್ನ..."

"ಬ್ಯಾಡ ಬುಡಿ." ಕೈ ಅಡ್ಡ ಹಿಡಿದರು. "ನೀವು ಹೇಳಿದ್ರೆ ನಂಗೆ ಎಲ್ಲಾ ಚೆನ್ನಾಗ್ ಅರ್ಥ ಆಗ್ಬುಡ್ತದೆ. ಅದ್ಕೇ ಬ್ಯಾಡ."

ತೋರಿಸಿದ ಕಡೆ ಸಹಿ ಹಾಕಿದರು. ಸ್ವೀಕೃತಿ ಚೀಟಿಗೆ ಸೀಲು ಹೊಡೆದು ಕೊಟ್ಟೆ. ಅದು ಇಂಗ್ಲಿಷಿನಲ್ಲಿತ್ತು, ಆಕೆಗೆ ಕನ್ನಡ ಮಾತ್ರ ಓದಲು ಬರುತ್ತಿತ್ತು. ಕೇಳದಿದ್ದರೂ ಓದಿ ಹೇಳಿದೆ: ಇಂಥವರಿಂದ ಒಪ್ಪಿಗೆ ಪತ್ರ ಬಂದಿದೆ, ಇಷ್ಟು ಠೇವಣಿ, ಇಂಥ ತಾರೀಖು. ಪೂರ್ತಿ ಕೇಳಿಸಿಕೊಂಡರು. ಹೂಂ ಅಂದರು.

ಆಮೇಲೆ ಎದ್ದು, ಆ ಚೀಟಿಯನ್ನು ಪಕ್ಕದ ಮೇಜಿನಲ್ಲಿದ್ದ ಬಡವನಹಳ್ಳಿಯ ಕ್ಲರ್ಕ್ ಮುಂದೆ ಇಟ್ಟು, ನನಗೂ ಕೇಳುವಂತೆಯೇ ಕೇಳಿದರು: "ಇದ್ರಾಗೆ ಏನ್ ಬರ್ದವ್ರೆ, ಒಂಚೂರು ನೋಡಿ ಹೇಳವ್ವ."