ಆರನೇ ಸ್ಲೈಡಿನ ಚೀಟಿ

ಅಣ್ಣನ ತಿಥಿ ಮುಗಿದ ಮೂರನೇ ದಿನ ನಾನು ಕೆಲಸಕ್ಕೆ ಹೋದೆ. ಅಣ್ಣನೂ ನಾನೂ ಹೊಸೂರಿನ ಒಂದೇ ಕಾರ್ಖಾನೆಯಲ್ಲಿದ್ದೆವು. ಲಾರಿಗಳಿಗೆ ಬೇಕಾದ ಬ್ರಾಕೆಟ್‌ಗಳನ್ನು ವೆಲ್ಡ್ ಮಾಡುವ ಕಾರ್ಖಾನೆ. ಅವನು ಯಂತ್ರದ ಉಪಕರಣಗಳನ್ನು ದುರಸ್ತಿ ಮಾಡುವ ಟೂಲ್ ರೂಮಿನಲ್ಲಿ, ನಾನು ಕ್ವಾಲಿಟಿ ವಿಭಾಗದಲ್ಲಿ ಕಾಗದಪತ್ರ ನೋಡಿಕೊಳ್ಳುವವಳು. ಸಾನಮಾವು ಕಾಡಿನ ಆಚೆಯ ನಮ್ಮೂರಿನಿಂದ ಒಂಬತ್ತು ವರ್ಷ ಅವನ ಬೈಕಿನ ಹಿಂದೆ ಕೂತು ಬಂದಿದ್ದೆ. ಅಂದು ಬಸ್ಸಿನಲ್ಲಿ ಬಂದೆ.

ಮ್ಯಾನೇಜರು ನನ್ನನ್ನು ಕರೆದು ಎರಡು ಮಾತು ಸಮಾಧಾನ ಹೇಳಿದರು. ಮೂರನೇ ಮಾತು ಕೆಲಸದ್ದು.

"ನೋಡಮ್ಮ, ನಿಮ್ಮಣ್ಣ ಮಾಡಿದ ಆ ಬ್ರಾಕೆಟ್ ಕಂಪ್ಲೇಂಟಿನ ಸ್ಲೈಡುಗಳಿವೆಯಲ್ಲ, ಅವು ಯಾರಿಗೂ ಅರ್ಥವಾಗೋ ಹಂಗಿಲ್ಲ. ಹೆರಿಗೆ ರಜೆಯಲ್ಲಿರೋ ಹುಡುಗಿ ಸೋಮವಾರ ವಾಪಸ್ ಬರ್ತಾಳೆ. ಕಸ್ಟಮರ್ ಕಡೆಯೋರು ಬಂದಾಗ ಅವಳೇ ವಿವರಿಸಬೇಕು. ಒಂದೆರಡು ಪುಟ ಬಿಡಿಸಿ ಬರೆದುಕೊಡು. ಅವನು ಅವನ್ನ ತೋರಿಸಿ ವಿವರಿಸಿದ ಮೀಟಿಂಗಿನಲ್ಲಿ ನೀನೂ ಇದ್ದೆಯಲ್ಲ."

ಇದ್ದೆ. ಅದಾದ ಹನ್ನೊಂದನೇ ದಿನ ಅಣ್ಣ ಟೂಲ್ ರೂಮಿನ ಬೆಂಚಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದ.

ಒಟ್ಟು ಎಂಟು ಸ್ಲೈಡುಗಳು. ಒಂದೊಂದರಲ್ಲಿ ಮೂರು ನಾಲ್ಕು ಸಾಲು, ಸಾಲಿಗೆ ಎರಡು ಮೂರು ಇಂಗ್ಲಿಷ್ ಪದ. ರಂಧ್ರ ಜಾಗ ತಪ್ಪಿದೆ. ಸ್ಟಾಕ್ ತಡೆದು ಪರೀಕ್ಷೆ. ಪಿನ್ ಸವೆದಿದೆ. ಹೊಸ ಪಿನ್‌ಗೆ ಚೀಟಿ. ಅಣ್ಣ ಬರೆಯುತ್ತಿದ್ದುದೇ ಹಾಗೆ. ಇನ್ನೂ ಸ್ವಲ್ಪ ಬರೆಯೋ ಎಂದರೆ ನಗುತ್ತಿದ್ದ. "ಎಲ್ಲಾ ಗೋಡೆ ಮೇಲೇ ಬರೆದುಬುಟ್ರೆ ನನ್ ಮಖ ಯಾರು ನೋಡ್ತಾರಮ್ಮಿ?"

ನಾನು ಮೊದಲ ಸ್ಲೈಡಿನಿಂದ ಶುರು ಮಾಡಿದೆ. ಒಂದೊಂದು ಸಾಲನ್ನೂ ಪೂರ್ತಿ ವಾಕ್ಯ ಮಾಡಿದೆ. ನಡುವೆ 'ಆದ್ದರಿಂದ', 'ಆಮೇಲೆ', 'ಇದಾದ ನಂತರ' ಸೇರಿಸಿದೆ. ವೆಲ್ಡ್ ಮಾಡುವಾಗ ಬ್ರಾಕೆಟ್ಟನ್ನು ಜಿಗ್ ಎಂಬ ಹಿಡಿಕೆಯ ಚೌಕಟ್ಟಿನಲ್ಲಿ ಕೂರಿಸುವ ಪಿನ್ ಸವೆದು ಸಡಿಲವಾಗಿತ್ತು, ಆದ್ದರಿಂದ ಬ್ರಾಕೆಟ್ ಸರಿದು ರಂಧ್ರ ಒಂದು ಮಿಲಿಮೀಟರ್ ಆಚೆಗೆ ಬಂತು, ಕಸ್ಟಮರ್ ಮಾಲನ್ನು ವಾಪಸ್ ಕಳಿಸಿದರು, ಆಮೇಲೆ ಸ್ಟಾಕ್ ಎಲ್ಲ ಪರೀಕ್ಷಿಸಿದೆವು, ಆಮೇಲೆ ಟೂಲ್ ರೂಮಿನವರು ಹೊಸ ಪಿನ್ ಬೇಕೆಂದು ಸ್ಟೋರಿಗೆ ಚೀಟಿ ಕೊಟ್ಟರು. ಓದಲು ಚೆನ್ನಾಗಿಯೇ ಇತ್ತು. ಎರಡು ಗಂಟೆಯಲ್ಲಿ ಮುಗಿಸಿ, ಕೃಷ್ಣಗಿರಿಯಲ್ಲಿ ತಾಯಿಯ ಮನೆಯಲ್ಲಿದ್ದ ಆ ಹುಡುಗಿಗೆ ಕಳಿಸಿದೆ. ಕೆಲಸ ಬೇಗ ಮುಗಿಯಿತಲ್ಲ ಎಂಬ ಸಮಾಧಾನವೂ ಇತ್ತು. ಆ ಸಮಾಧಾನಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಫೋನ್ ಮಾಡಿದಳು. ಹಿಂದೆ ಮಗು ಅಳುತ್ತಿತ್ತು.

"ಅಕ್ಕ, ಓದಿದೆ. ಈಗ ಅರ್ಥ ಆಯ್ತು. ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ."

"ಕೇಳು."

"ಪಿನ್ ಅಷ್ಟು ಸವೆಯೋ ತನಕ ಅಣ್ಣಾವ್ರು ಯಾಕ್ ಸುಮ್ಕಿದ್ರು? ಕಂಪ್ಲೇಂಟ್ ಬಂದ್ಮೇಲೆ ಚೀಟಿ ಕೊಟ್ಟವ್ರೆ. ಸ್ಲೈಡಲ್ಲಿ ಜವಾಬ್ದಾರಿ ಅನ್ನೋ ಕಾಲಂನಲ್ಲೂ ಅವ್ರದೇ ಹೆಸರೈತೆ. ಕಸ್ಟಮರ್ ಕೇಳಿದ್ರೆ ಟೂಲ್ ರೂಮಿನ ತಪ್ಪು ಅಂತ ಹೇಳ್ಬುಡ್ಲಾ?"

ಆಮೇಲೆ ಹೇಳ್ತೀನಿ ಎಂದು ಫೋನ್ ಇಟ್ಟೆ. ಅವಳು ಕೆಟ್ಟವಳಲ್ಲ. ನಾನು ಬರೆದುಕೊಟ್ಟದ್ದನ್ನೇ ಸರಿಯಾಗಿ ಓದಿದ್ದಳು.

ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಆರನೇ ಸ್ಲೈಡಿನ ಮೂಲೆಯಲ್ಲಿ ಸಣ್ಣದೊಂದು ಫೋಟೋ ಇತ್ತು, ಸ್ಟೋರಿಗೆ ಕೊಟ್ಟ ಚೀಟಿಯದು. ದೊಡ್ಡದು ಮಾಡಿ ನೋಡಿದೆ. ಅಣ್ಣನ ಅಕ್ಷರ, ಬಲಕ್ಕೆ ವಾಲಿದ್ದು. ಅದರ ತಾರೀಖು ಕಂಪ್ಲೇಂಟ್ ಬಂದ ದಿನಕ್ಕಿಂತ ಮೂರು ವಾರ ಹಿಂದಿನದು.

ಸ್ಲೈಡುಗಳು ಇದ್ದದ್ದು ಕಸ್ಟಮರ್ ಕೊಟ್ಟ ನಮೂನೆಯಲ್ಲಿ: ದೂರು ಮೊದಲು, ಮಾಲು ತಡೆದದ್ದು ಆಮೇಲೆ, ಕಾರಣ ಆಮೇಲೆ, ಪರಿಹಾರ ಕೊನೆಗೆ. ಚೀಟಿ ಪರಿಹಾರದ ಭಾಗದಲ್ಲಿತ್ತು. ಅಣ್ಣ ಮಾತಾಡುವಾಗ ಹಿಂದಕ್ಕೂ ಮುಂದಕ್ಕೂ ಹಾರಿ, ಯಾವುದು ಯಾವಾಗ ನಡೆಯಿತೆಂದು ಬಾಯಲ್ಲೇ ಹೇಳಿದ್ದ. ನಾನು ಸ್ಲೈಡಿನ ಸಾಲನ್ನೇ ಕಾಲದ ಸಾಲು ಮಾಡಿದೆ. ಅವನು ಎಲ್ಲಿಯೂ ಬರೆಯದ 'ಆಮೇಲೆ'ಯನ್ನು ನಾನು ಬರೆದೆ.

ಆ ಮೀಟಿಂಗು ನೆನಪಿಗೆ ಬಂತು. ಆರನೇ ಸ್ಲೈಡಿಗೆ ಬಂದಾಗ ಅಣ್ಣ ಮ್ಯಾನೇಜರ ಕಡೆ ತಿರುಗಿ ಹೇಳಿದ್ದ: "ಸಾರ್, ಪಿನ್ ಕೇಳ್ದೆ, ನೀವು ಮುಂದಿನ ತಿಂಗ್ಳು ನೋಡನ ಅಂದ್ರಿ. ನಾನೇನು ಪಿನ್ನ ಮನೇಲಿ ಬೆಳೀಲಾ?" ಎಲ್ಲರೂ ನಕ್ಕಿದ್ದರು. ಮ್ಯಾನೇಜರೂ ನಕ್ಕಿದ್ದರು.

ಹಳೆಯದನ್ನು ಅಳಿಸಿ ಹೊಸದಾಗಿ ಬರೆದೆ. ಮೊದಲು ಒಂದು ಹಾಳೆಯಲ್ಲಿ ತಾರೀಖುಗಳನ್ನು ಮಾತ್ರ ಕ್ರಮವಾಗಿ ಹಾಕಿಕೊಂಡೆ. ಕಥೆ ಕಂಪ್ಲೇಂಟಿನಿಂದ ಶುರುವಾಗಲಿಲ್ಲ, ಚೀಟಿಯಿಂದ ಶುರುವಾಯಿತು. ಪಿನ್ ಸವೆದದ್ದು ಕಂಡು ಟೂಲ್ ರೂಮು ಚೀಟಿ ಕೊಟ್ಟಿತು, ಒಪ್ಪಿಗೆ ಸಿಗಲಿಲ್ಲ, ಹಳೆ ಪಿನ್ನಿನಲ್ಲೇ ಕೆಲಸ ನಡೆಯಿತು, ದೂರು ಬಂತು. ಜವಾಬ್ದಾರಿ ಕಾಲಂನಲ್ಲಿರುವುದು ಸರಿಪಡಿಸಬೇಕಾದವನ ಹೆಸರು, ತಪ್ಪು ಮಾಡಿದವನದಲ್ಲ ಎಂದೂ ಬರೆದೆ. ಸ್ಲೈಡಿನಲ್ಲಿ ಇರುವುದು ಯಾವುದು, ಮೀಟಿಂಗಿನಲ್ಲಿ ಬಾಯಿಮಾತಿನಲ್ಲಿ ಕೇಳಿದ್ದು ಯಾವುದು ಎಂದು ಅಲ್ಲಲ್ಲೇ ಹೇಳಿದೆ. ಅದಕ್ಕೂ ಮುಂಚೆ ಇನ್ನೊಂದು ಚೀಟಿ ಕೊಟ್ಟಿದ್ದೆನೆಂದು ಅಣ್ಣ ಮನೆಯಲ್ಲಿ ಮುದ್ದೆ ಮುರಿಯುತ್ತಾ ಹೇಳಿದ್ದ. ಅದನ್ನು ನಾನು ಕಣ್ಣಾರೆ ನೋಡಿಲ್ಲ. ಒಂದು ಸಲ ಬರೆದೆ, ಆಮೇಲೆ ತೆಗೆದೆ. ಅದು ನಿಜವೆಂದು ನನಗೆ ಗೊತ್ತು. ಆದರೂ ತೆಗೆದೆ.

ಮ್ಯಾನೇಜರು ಓದಿ ಕನ್ನಡಕ ತೆಗೆದರು.

"ಇದೆಲ್ಲ ಯಾಕಮ್ಮ? ಸತ್ತೋರ ಮೇಲೆ ನಾವ್ಯಾರೂ ತಪ್ಪು ಹೊರಿಸ್ತಿಲ್ಲ."

"ಬರೆಯದೇ ಇದ್ರೆ ಅವ್ನ ಮೇಲೇ ಬರತ್ತೆ ಸಾರ್. ಓದಿದೋರು ಆಗಲೇ ಕೇಳಿದ್ರು."

"ಇದ್ದೋರ ಮೇಲೂ ಬೇಡ. ಪಿನ್ ಸವೆದಿತ್ತು, ಬದಲಾಯಿಸಿದ್ವಿ. ಅಷ್ಟು ಸಾಕು. ಆ ಒಪ್ಪಿಗೆ ವಿಷಯ ತೆಗೆದುಬಿಡು."

"ಅವಳಿಗೆ ಕಳಿಸಾಯ್ತು ಸಾರ್."

ಸುಳ್ಳು ಹೇಳಿದ್ದೆ. ಹೊರಗೆ ಬಂದು ಕಳಿಸಿದೆ. ಅಣ್ಣ ಬದುಕಿದ್ದಾಗ ಅವನ ಪರವಾಗಿ ನಾನು ಆ ಕೋಣೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಮೀಟಿಂಗಿನಲ್ಲಿ ಎಲ್ಲರ ಜೊತೆ ನಕ್ಕವಳು ನಾನೂ.

ಮುಂದಿನ ವಾರ ಕಸ್ಟಮರ್ ಕಡೆಯವರು ಬಂದರು. ಆ ಹುಡುಗಿ ಎದ್ದು ನಿಂತು ಚೀಟಿಯಿಂದಲೇ ಶುರು ಮಾಡಿದಳು, ಒಂದು ಕಡೆಯೂ ತಡವರಿಸಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, ಈಗ ಸ್ಟೋರಿನಲ್ಲಿ ಎಷ್ಟು ಪಿನ್ ಇದೆ ಎಂದು. ನಾಲ್ಕು ಎಂದಳು. ಬರೆದುಕೊಂಡು ಚಹಾ ಕುಡಿದು ಹೋದರು. ಅಣ್ಣ ಚೀಟಿಯಲ್ಲಿ ಕೇಳಿದ್ದು ಎರಡೇ ಪಿನ್.

ಹೊರಗೆ ಬಂದು ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಓದ್ತಾ ಇದ್ರೆ ಅಣ್ಣಾವ್ರೇ ಮುಂದೆ ನಿಂತು ಹೇಳ್ದಂಗಿತ್ತು."

ಕಂಪನಿಯ ಫೋಲ್ಡರಿನಲ್ಲಿ ಈಗ ಇರುವುದು ಏಳು ಸ್ಲೈಡು. ಚೀಟಿಯ ಫೋಟೋ ಇಲ್ಲ, ತಯಾರಿಸಿದವರು ಎಂಬಲ್ಲಿ ಮ್ಯಾನೇಜರ ಹೆಸರಿದೆ. ನಾನು ಬರೆದದ್ದು ಆ ಹುಡುಗಿಯ ಬಳಿ ಇದೆ, ನನ್ನ ಬಳಿ ಇದೆ.

ಅದನ್ನು ಆಗಾಗ ಓದುತ್ತೇನೆ. ಅಣ್ಣ ಅಂದು ಸ್ಲೈಡಿನಿಂದ ಸ್ಲೈಡಿಗೆ ಹೋಗುವಾಗ ಏನೇನು ಹೇಳಿದ ಎಂದು ನೆನೆಸಿಕೊಳ್ಳಲು ಕೂತರೆ ಈಗ ಬರುವುದು ನನ್ನ ವಾಕ್ಯಗಳೇ. ಅವನದೆಂದು ಉಳಿದಿರುವುದು ಆ ಪಿನ್ ಬೆಳೆಯುವ ಮಾತೊಂದು. ಅದನ್ನು ನಾನು ವರದಿಯಲ್ಲಿ ಹಾಕಿರಲಿಲ್ಲ.